386 ಕಾಮೆಂಟು, ಒಂದು ಹಾಳಿ ವರದಿ

ಸಂಕ್ರಾಂತಿ ಮುಗಿದ ಮೇಲೆ ಕಲಬುರಗಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ತೊಗರಿ ಮಾತೇ. ನಾನು ಕೆಲಸ ಮಾಡುವ ರೈತರ ಕಂಪನಿ ಆ ವರ್ಷ ಸದಸ್ಯರಿಂದ ತೊಗರಿ ಖರೀದಿ ಶುರು ಮಾಡಿತ್ತು. ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿದ್ದೆವು: ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ, ಟೋಕನ್ ಪ್ರಕಾರ ಬನ್ನಿ, ತೂಕ ಆದ ಏಳು ದಿನದೊಳಗೆ ಹಣ ಖಾತೆಗೆ ಬರುತ್ತದೆ ಅಂತ. ಹದಿನಾರು ದಿನದಲ್ಲಿ ಅದರ ಕೆಳಗೆ 386 ಕಾಮೆಂಟು ಬಿದ್ದವು. ಮ್ಯಾನೇಜರ್ ಸಾಹೇಬರು ಕರೆದು, "ಮಂದಿ ಏನಂತಾರ, ಏನ್ ಕೇಳ್ತಾರ, ಒಂದ್ ಹಾಳಿದಾಗ ಬರದ್ ಕೊಡ್ರಿ. ಸೋಮವಾರ ಮೀಟಿಂಗ್ ಅದ" ಅಂದರು.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮೇಲಿಂದ ಕೆಳಗೆ ಓದಿದೆ, ತಲೆಯಲ್ಲಿ ಉಳಿದದ್ದನ್ನು ಬರೆದೆ. "ರೈತರು ಚೀಲದ ಬಗ್ಗೆ ಬಹಳ ಸಿಟ್ಟಾಗಿದ್ದಾರೆ, ಹಣ ತಡ ಆಗುತ್ತಿದೆ ಎನ್ನುತ್ತಿದ್ದಾರೆ." ಸಾಹೇಬರು ಓದಿ ಒಂದೇ ಪ್ರಶ್ನೆ ಕೇಳಿದರು. "ಬಹಳ ಅಂದ್ರ ಎಷ್ಟ್ ಮಂದಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಎರಡು ಸಂಜೆ ಕೂತು ಸರಿಯಾಗಿ ಮಾಡಿದೆ. ಹೇಗೆ ಮಾಡಿದೆ ಅನ್ನೋದು ಇಲ್ಲಿದೆ.

ಮೊದಲು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ

ಫೇಸ್‌ಬುಕ್ ತಾನಾಗಿ ಎಲ್ಲ ಕಾಮೆಂಟು ತೋರಿಸುವುದಿಲ್ಲ. Most relevant ಅಂತ ಇದ್ದರೆ ಅದಕ್ಕೆ ಮುಖ್ಯ ಅನಿಸಿದ್ದನ್ನು ಮಾತ್ರ ಮೇಲೆ ಇಡುತ್ತದೆ. ಅದನ್ನು All comments ಗೆ ಬದಲಿಸಿ. ಆಮೇಲೆ ಒಂದೊಂದರ ಕೆಳಗೂ ಮುಚ್ಚಿಕೊಂಡಿರುವ ಉತ್ತರಗಳನ್ನು ತೆರೆಯಿರಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ನಮ್ಮ ಕಡೆ ಒಬ್ಬರು "ನಮಗೂ ಬಂದಿಲ್ರಿ" ಅಂತ ಹೊಸ ಕಾಮೆಂಟು ಹಾಕೋದು ಕಡಿಮೆ. ಮೊದಲು ಬರೆದವರ ಕೆಳಗೇ ಉತ್ತರವಾಗಿ ಬರೆಯುತ್ತಾರೆ. ಅಸಲು ವಿಷಯ ಇರೋದು ಅಲ್ಲೇ.

ಗೂಗಲ್ ಶೀಟ್ಸ್‌ನಲ್ಲಿ ಒಂದು ಸಾಲಿಗೆ ಒಂದು ಕಾಮೆಂಟು. ಕಾಲಂಗಳು ಜಾಸ್ತಿ ಬೇಡ: ಸಾಲಿನ ನಂಬರ್, ಹೆಸರು, ದಿನಾಂಕ, ಕಾಮೆಂಟು ಬರೆದವರ ಮಾತಿನಲ್ಲೇ, ವಿಷಯ, ಏನು ಕೇಳಿದ್ದಾರೆ, ಯಾವ ಊರು ಅಥವಾ ಕೇಂದ್ರ. ಸಾಲಿನ ನಂಬರನ್ನು ಕೊನೆವರೆಗೂ ಬದಲಿಸಬೇಡಿ. ಅದು ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ದಿನಾಂಕದ ಕಾಲಂ ಬಿಡಲೇಬೇಡಿ. ಪೋಸ್ಟ್‌ನಲ್ಲಿ "3 ದಿನ", "1 ವಾರ" ಅಂತ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅದರ ಮೇಲೆ ಮೌಸ್ ಇಟ್ಟರೆ ನಿಜವಾದ ತಾರೀಖು ಬರುತ್ತದೆ. "3 ದಿನ" ಅಂತಲೇ ನಕಲು ಮಾಡಿಕೊಂಡರೆ ಮರುವಾರ ಅದಕ್ಕೆ ಅರ್ಥವೇ ಇರುವುದಿಲ್ಲ.

ನನಗೆ ಸಿಕ್ಕಿದ್ದು 371 ಸಾಲು. ಲೆಕ್ಕ 386 ತೋರಿಸುತ್ತಿತ್ತು. ಬಚ್ಚಿಟ್ಟದ್ದು, ಅಳಿಸಿದ್ದು ಲೆಕ್ಕದಲ್ಲಿ ಉಳಿದಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಆ 15ಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ವರದಿಯಲ್ಲಿ ಮಾತ್ರ 371 ಅಂತಲೇ ಬರೆದೆ.

ಜರಡಿ ಹಿಡಿಯಿರಿ, ಆದರೆ ಜರಡಿಯಲ್ಲಿ ಉಳಿದದ್ದನ್ನೂ ನೋಡಿ

371ರಲ್ಲಿ 46 ನಮ್ಮ ಕಂಪನಿಯವರೇ ಕೊಟ್ಟ ಉತ್ತರಗಳು. 88 ಬರೀ ಹೆಬ್ಬೆರಳು, ಹೂವು, ಕೈ ಮುಗಿಯುವ ಚಿತ್ರ, ಇಲ್ಲ ಗೆಳೆಯರ ಹೆಸರು. 19 ಜಾಹೀರಾತು ಮತ್ತು ಸಂಬಂಧ ಇಲ್ಲದ ಮಾತು. 37 ಒಬ್ಬರೇ ಮತ್ತೆ ಮತ್ತೆ ಹಾಕಿದ ಅದೇ ಕಾಮೆಂಟು. ಇವನ್ನೆಲ್ಲ ಬೇರೆ ಟ್ಯಾಬಿಗೆ ಹಾಕಿದೆ, ಅಳಿಸಲಿಲ್ಲ. ಉಳಿದದ್ದು 181 ಕಾಮೆಂಟು. ಬರೆದವರು 143 ಜನ.

ಆ 37ರಲ್ಲೇ ನನ್ನ ಮೊದಲ ವರದಿಯ ತಪ್ಪು ಅಡಗಿತ್ತು. ಒಬ್ಬ ರೈತರು ಚೀಲದ ವಿಷಯ 23 ಸಲ ಬರೆದಿದ್ದರು. ಅದೇ ಸಾಲು, ಅದೇ ಮೂರು ಆಶ್ಚರ್ಯ ಚಿಹ್ನೆ. ಎಲ್ಲಿ ನೋಡಿದರೂ ಅವರೇ. ಹಾಗಾಗಿ ನನ್ನ ತಲೆಯಲ್ಲಿ ಚೀಲ ದೊಡ್ಡ ವಿಷಯವಾಗಿ ಕೂತುಬಿಟ್ಟಿತ್ತು. ಕಾಮೆಂಟು ಎಣಿಸಿದರೆ ಚೀಲ ಮೂರನೇ ಜಾಗದಲ್ಲಿತ್ತು. ಜನ ಎಣಿಸಿದಾಗ ಐದಕ್ಕೆ ಇಳಿಯಿತು. ಆದ್ದರಿಂದ ವರದಿಯಲ್ಲಿ ಎಣಿಸಬೇಕಾದದ್ದು ಕಾಮೆಂಟನ್ನಲ್ಲ, ಮಂದಿಯನ್ನು. ಹಾಗಂತ ಅವರನ್ನು ಮರೆಯಲೂ ಇಲ್ಲ. 23 ಸಲ ಬರೆಯುವವರಿಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತಲೇ ಅರ್ಥ ಅಲ್ವಾ? ಅವರಿಗೆ ಫೋನ್ ಮಾಡಬೇಕು ಅಂತ ಬೇರೆ ಚೀಟಿ ಬರೆದಿಟ್ಟೆ.

ಜಾಹೀರಾತಿನ 19ರಲ್ಲಿ ಇನ್ನೊಂದು ಸಿಕ್ಕಿತು. "ರೊಕ್ಕ ಬರದವರು ಈ ನಂಬರಿಗಿ ಫೋನ್ ಹಚ್ರಿ, ಕಂಪನಿ ಆಫೀಸಿನಿಂದ" ಅಂತ ಯಾರೋ ಬರೆದಿದ್ದರು. ಆ ನಂಬರ್ ನಮ್ಮದಲ್ಲ. ಅದರ ಕೆಳಗೆ ಮೂವರು ತಮ್ಮ ಮೊಬೈಲ್ ನಂಬರ್ ಬರೆದುಬಿಟ್ಟಿದ್ದರು. ಇಂಥದ್ದು ಸೋಮವಾರದ ವರದಿಗೆ ಕಾಯುವ ವಿಷಯ ಅಲ್ಲ. ರಾತ್ರಿ ಒಂಬತ್ತಕ್ಕೆ ಸಾಹೇಬರಿಗೆ ಫೋನ್ ಮಾಡಿ ಆ ಕಾಮೆಂಟು ತೆಗೆಸಿದೆವು. ಆ ಮೂವರಿಗೂ ಫೋನ್ ಹಚ್ಚಿ ಓಟಿಪಿ ಹೇಳಬೇಡಿ, ಹೇಳಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ ಅಂದೆವು. ಪುಣ್ಯಕ್ಕೆ ಯಾರೂ ಹೇಳಿರಲಿಲ್ಲ. ಜರಡಿ ಹಿಡಿಯುವಾಗ ದುಡ್ಡಿನ ಮೋಸ, ಅಪಘಾತ, ಹೊಡೆದಾಟದ ಮಾತು ಒಂದೇ ಒಂದು ಕಂಡರೂ ಕೆಲಸ ಅಲ್ಲೇ ನಿಲ್ಲಿಸಿ ಹೇಳಬೇಕಾದವರಿಗೆ ಹೇಳಿ. ಅದಕ್ಕೆ ಎಷ್ಟು ಮಂದಿ ಅನ್ನೋ ಲೆಕ್ಕ ಇಲ್ಲ.

ಹುಡುಕುವ ಪೆಟ್ಟಿಗೆಯನ್ನು ನಂಬಬೇಡಿ

ವಿಷಯ ವಿಂಗಡಿಸಲು ನಾನು ಮೊದಲು ಸುಲಭದ ದಾರಿ ಹಿಡಿದೆ. "ಹಣ" ಅಂತ ಹುಡುಕಿದೆ. ಒಂಬತ್ತು ಸಾಲು ಬಂದವು. ಅಷ್ಟೇನಾ ಅನಿಸಿತು. ಆಮೇಲೆ ತಲೆ ಓಡಿತು: ಕಲಬುರಗಿ ಕಡೆ ಹಣ ಅಂತ ಯಾರು ಬರೆಯುತ್ತಾರೆ? ರೊಕ್ಕ ಅಂತಾರೆ. ಪೇಮೆಂಟು, ಅಮೌಂಟು ಅಂತಾರೆ. ದಖನಿ ಮಾತಾಡುವವರು ಪೈಸಾ ಅಂತಾರೆ. ಅರ್ಧ ಮಂದಿ ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇನ್ನು ಕೆಲವರು ಆ ಪದವನ್ನೇ ಬಳಸುವುದಿಲ್ಲ. "ತೂಕ ಮಾಡಿ ಹನ್ನೊಂದ್ ದಿನ ಆಯ್ತು, ಅಕೌಂಟಿಗಿ ಇನ್ನಾ ಬಂದಿಲ್ಲ." ಇದರಲ್ಲಿ ಹಣ ಅನ್ನೋ ಪದ ಎಲ್ಲಿದೆ? ಹುಡುಕಿದರೆ ಇದು "ತೂಕ" ಅನ್ನೋದರಲ್ಲಿ ಸಿಗುತ್ತದೆ.

ವ್ಯಂಗ್ಯದ್ದು ಇನ್ನೊಂದು ಕಥೆ. "ಭಾರಿ ಚಲೋ ಮಾಡೀರಿ ಸಾಹೇಬ್ರ, ಎರಡ್ ದಿನ ಟ್ರ್ಯಾಕ್ಟರ್ ನಿಂತಾವ, ಇನ್ನೊಂದ್ ವಾರ ನಿಲ್ಲಸ್ರಿ." ಪದ ನೋಡಿದರೆ ಹೊಗಳಿಕೆ. ಅದೇ "ಅಡ್ಡಿ ಇಲ್ರೀ" ಅನ್ನೋದನ್ನು ಬೆಂಗಳೂರಿನವರು ಓದಿದರೆ ತಕರಾರು ಅಂದುಕೊಳ್ಳಬಹುದು, ಆದರೆ ಅದು ಒಪ್ಪಿಗೆ. 181 ಸಾಲನ್ನು ಕಣ್ಣಿಂದ ಓದುವುದೇ ವಾಸಿ. ಎರಡು ತಾಸಿಗಿಂತ ಜಾಸ್ತಿ ಹಿಡಿಯಲಿಲ್ಲ.

ವಿಷಯದ ಹೆಸರುಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಕೂರಬೇಡಿ. ನಾನು ಮೊದಲ 40 ಸಾಲು ಸುಮ್ನೆ ಓದಿದೆ. ಒಂದೊಂದರ ಪಕ್ಕ ನಾಲ್ಕೈದು ಪದದಲ್ಲಿ ಏನು ಹೇಳಿದ್ದಾರೆ ಅಂತ ಬರೆದೆ. ಆಮೇಲೆ ಒಂದೇ ಥರದವು ಗುಂಪಾದವು: ಹಣ, ಟೋಕನ್, ತೂಕ, ಚೀಲ, ನೋಂದಣಿ, ಕೇಂದ್ರ ದೂರ, ಇತರೆ. ಏಳು. ಹತ್ತು ದಾಟಿದರೆ ಮ್ಯಾನೇಜರಿಗೆ ತಲೆಯಲ್ಲಿ ಉಳಿಯುವುದಿಲ್ಲ, ನಾಲ್ಕಕ್ಕೆ ಇಳಿಸಿದರೆ ಬೇರೆ ಬೇರೆ ತೊಂದರೆ ಒಂದೇ ಬುಟ್ಟಿಗೆ ಬೀಳುತ್ತವೆ.

ಒಂದು ಕಾಮೆಂಟಿನಲ್ಲಿ ಎರಡು ವಿಷಯ ಇದ್ದರೆ ಸಾಲನ್ನೇ ಎರಡು ಮಾಡಿ. "ಟೋಕನ್ ತಗೊಂಡು ಹೋದ್ರ ಚೀಲ ಇಲ್ಲ ಅಂತಾರ, ವಾಪಸ್ ಬಂದೀವಿ" ಅನ್ನೋದು ಹಾಗೆ 57 ಮತ್ತು 57-ಎ ಆಯಿತು. ಇಂಥವು 33 ಇದ್ದವು. 181 ಹೀಗೆ 214 ಸಾಲಾಯಿತು.

ಇನ್ನೊಬ್ಬರಿಂದ ಓದಿಸಿ

ಈ ಹಂತವನ್ನು ನಾನು ಬಿಡೋಣ ಅಂತಲೇ ಇದ್ದೆ. ಆದರೆ ತೂಕದ ಕಾಂಟಾ ನೋಡಿಕೊಳ್ಳುವ ಸಹೋದ್ಯೋಗಿ ಅಕ್ಕಾರು ಟೀ ಕುಡಿಯುತ್ತಾ ಪಕ್ಕದಲ್ಲಿ ಕೂತಿದ್ದರು. ನಾನು ಹಾಕಿದ ಗುರುತು ಮುಚ್ಚಿ, 30 ಸಾಲು ಅವರಿಗೆ ಕೊಟ್ಟು ನೀವೂ ವಿಷಯ ಹಾಕಿ ಅಂದೆ. 23 ಒಂದೇ ಬಂತು. ಏಳು ಬೇರೆ.

ಆ ಏಳರಲ್ಲಿ ಐದು ಒಂದೇ ಕಡೆ ಜಗಳ. "ನಮ್ಮ ಮಾಲ್ ವಾಪಸ್ ಕಳಸ್ಯಾರ" ಅನ್ನೋ ಥರದ್ದನ್ನೆಲ್ಲ ನಾನು "ತೂಕ" ಅಂತ ಹಾಕಿದ್ದೆ. ಯಾಕಂದ್ರೆ ಕಾಂಟಾ ಹತ್ತಿರ ನಡೆಯುವ ಗಲಾಟೆ ಅದು. ಅಕ್ಕಾರು ಒಪ್ಪಲಿಲ್ಲ. "ಇಲ್ಲಣ್ಣಾ, ತೂಕದಾಗ ನಾವು ಮೋಸ ಮಾಡ್ಲಿಕತ್ತೀವಿ ಅನ್ನೋದು ಬ್ಯಾರೆ. ಹಸಿ ಮಾಲ್ ಅಂತ ವಾಪಸ್ ಕಳಿಸೋದು ಬ್ಯಾರೆ. ಹಸಿ ಇದ್ರ ಮಿಷಿನ್ ಹನ್ನೆರಡರ ಮ್ಯಾಲ ತೋರಸ್ತದ, ನಾ ಏನ್ ಮಾಡ್ಲಿ?"

ಸರಿಯಾದ ಮಾತು. ತೊಗರಿಯಲ್ಲಿ ತೇವಾಂಶ ಶೇಕಡಾ 12ರ ಒಳಗಿರಬೇಕು. ಅದು ಮೀರಿದರೆ ನಾವು ತಗೊಳ್ಳುವುದಿಲ್ಲ. ಆ ರೈತರದ್ದು ಕಾಂಟಾದ ಮೇಲಿನ ಅನುಮಾನ ಅಲ್ಲ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ತಂದ ಮೇಲೆ ಹಸಿ ಅಂತ ಗೊತ್ತಾಯಿತಲ್ಲ ಅನ್ನೋ ಸಂಕಟ. ಒಂದಕ್ಕೆ ಕಾಂಟಾ ಪರೀಕ್ಷೆ ಉತ್ತರ, ಇನ್ನೊಂದಕ್ಕೆ ಊರಲ್ಲೇ ತೇವಾಂಶ ನೋಡುವುದು ಉತ್ತರ. ಒಂದೇ ಗುಂಪಲ್ಲಿ ಇದ್ದಿದ್ದರೆ ಸಾಹೇಬರು ಸೋಮವಾರ ಕಾಂಟಾದವರನ್ನು ಬೈದು ಮುಗಿಸುತ್ತಿದ್ದರು. "ತೂಕ"ವನ್ನು ಒಡೆದೆ: ತೂಕದ ಅನುಮಾನ 12 ಜನ, ಮಾಲು ವಾಪಸ್ 21 ಜನ. ಇಬ್ಬರು ಎರಡನ್ನೂ ಹೇಳಿದ್ದರು.

ಗುಂಪು ಒಡೆಯಬೇಕಾ ಬೇಡವಾ ಅನ್ನೋದಕ್ಕೆ ನನ್ನ ಪರೀಕ್ಷೆ ಅಲ್ಲಿಂದ ಇದೇ. ಈ ಗುಂಪಿನ ಎಲ್ಲ ಸಾಲಿಗೂ ಒಬ್ಬರೇ ಒಂದೇ ಕೆಲಸ ಮಾಡಿದರೆ ತೊಂದರೆ ತೀರುತ್ತದಾ? ತೀರಿದರೆ ಒಂದು ಗುಂಪು. ಇಲ್ಲದಿದ್ದರೆ ಎರಡು.

ಜನ ಎಣಿಸುವುದು

ಹೆಸರು B ಕಾಲಂನಲ್ಲಿ, ವಿಷಯ E ಕಾಲಂನಲ್ಲಿ ಇದ್ದರೆ ಗೂಗಲ್ ಶೀಟ್ಸ್‌ನಲ್ಲಿ ಇಷ್ಟು ಸಾಕು:

```
=COUNTUNIQUEIFS(B2:B215, E2:E215, "ಹಣ")
```

ಇದು "ಹಣ" ಅಂತ ಗುರುತು ಹಾಕಿದ ಸಾಲುಗಳಲ್ಲಿ ಎಷ್ಟು ಬೇರೆ ಬೇರೆ ಹೆಸರಿದೆ ಅಂತ ಹೇಳುತ್ತದೆ. ಎಕ್ಸೆಲ್‌ನಲ್ಲಿ ಈ ಸೂತ್ರ ಇಲ್ಲ. ಅಲ್ಲಿ ಹಾಳೆಯ ನಕಲು ಮಾಡಿಕೊಂಡು, ಹೆಸರು ಮತ್ತು ವಿಷಯ ಎರಡೂ ಕಾಲಂ ಆರಿಸಿ Remove Duplicates ಕೊಟ್ಟು, ಉಳಿದದ್ದನ್ನು COUNTIF ನಿಂದ ಎಣಿಸಿ. ಗುರುತು ಹಾಕುವಾಗ ಒಂದು ಕಡೆ "ಹಣ", ಇನ್ನೊಂದು ಕಡೆ "ಹಣ " ಅಂತ ಕೊನೆಗೆ ಖಾಲಿ ಜಾಗ ಬಿಟ್ಟರೆ ಎರಡೂ ಬೇರೆ ಅಂತ ತಿಳಿಯುತ್ತದೆ. ಮೂಲ ಹಾಳೆಯಲ್ಲಿ ಒಂದೊಂದು ವಿಷಯದ ಸಾಲನ್ನೂ COUNTIF ನಿಂದ ಎಣಿಸಿ, ಕೂಡಿಸಿದರೆ 214 ಬಂತಾ ನೋಡಿ. ಬರದಿದ್ದರೆ ಎಲ್ಲೋ ಇದೇ ಆಗಿದೆ.

ಇನ್ನೊಂದು ಸಣ್ಣ ಮುಳ್ಳು. ನಮ್ಮಲ್ಲಿ ಒಂದೇ ಹೆಸರಿನವರು ಬಹಳ. ಬಸವರಾಜ ಅನ್ನೋರೇ ಆರು ಜನ ಇದ್ದರು. ಅದರಲ್ಲಿ ಇಬ್ಬರ ಅಡ್ಡಹೆಸರೂ ಒಂದೇ. ಸೂತ್ರ ಅವರನ್ನು ಒಬ್ಬರು ಅಂತ ಎಣಿಸುತ್ತದೆ. ಪ್ರೊಫೈಲ್ ತೆರೆದು ನೋಡಿ ಹೆಸರಿನ ಮುಂದೆ ಊರು ಸೇರಿಸಿದೆ.

ಬಂದ ಲೆಕ್ಕ ಇದು: ಹಣ 52 ಜನ, ಟೋಕನ್ 47, ನೋಂದಣಿ 22, ಮಾಲು ವಾಪಸ್ 21, ಚೀಲ 18, ಕೇಂದ್ರ ದೂರ 14, ತೂಕದ ಅನುಮಾನ 12. ಕೂಡಿಸಿದರೆ 143ಕ್ಕಿಂತ ಜಾಸ್ತಿ ಆಗುತ್ತದೆ, ಒಬ್ಬರೇ ಎರಡು ವಿಷಯ ಹೇಳಿರುತ್ತಾರಲ್ಲ. ವರದಿಯಲ್ಲಿ ಇದನ್ನು ಒಂದು ಸಾಲಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಮೀಟಿಂಗಿನಲ್ಲಿ ಯಾರಾದರೂ ಮೊಬೈಲಿನಲ್ಲಿ ಕೂಡಿಸಿ ನೋಡೇ ನೋಡುತ್ತಾರೆ.

ಶೇಕಡಾವಾರು ಬರೆಯಬೇಡಿ. "ಶೇಕಡಾ 36 ರೈತರಿಗೆ ಹಣ ಬಂದಿಲ್ಲ" ಅಂತ ಬರೆದರೆ ಅದು ಸುಳ್ಳು. ನೋಂದಾಯಿಸಿದವರು 1,640 ಜನ, ಅದರಲ್ಲಿ ಮಾತಾಡಿದವರು 143. ಅದೂ ಫೋನ್ ಇದ್ದವರು, ಬರೆಯಲು ಬರುವವರು, ಸಿಟ್ಟಾದವರು. ಹಣ ಸರಿಯಾಗಿ ಬಂದವರು ಪೋಸ್ಟ್ ಹುಡುಕಿಕೊಂಡು ಬಂದು "ಬಂತ್ರಿ" ಅಂತ ಬರೆಯುವುದು ಅಪರೂಪ. ಕೆಲವರು ಸದಸ್ಯರೇ ಅಲ್ಲ. "ಕಾಮೆಂಟು ಬರೆದ 143 ಜನರಲ್ಲಿ 52 ಜನ" ಅಂತ ಬರೆಯಿರಿ, ಅಷ್ಟೇ.

ಲೆಕ್ಕದ ಒಳಗೆ ಇಳಿಯಿರಿ

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. "ಹಣ 52" ಅನ್ನೋದರಿಂದ ಮ್ಯಾನೇಜರ್ ಏನೂ ಮಾಡಲು ಆಗುವುದಿಲ್ಲ. ಮೊದಲ ಎರಡು ಗುಂಪನ್ನು ಮತ್ತೊಮ್ಮೆ ಓದಿ, ಈ ಸಲ ಒಂದೊಂದು ಪ್ರಶ್ನೆ ಕೈಯಲ್ಲಿ ಹಿಡಿದು.

ಹಣದ ಪ್ರಶ್ನೆ: ನಾವು ಹೇಳಿದ ಏಳು ದಿನ ದಾಟಿದೆಯಾ? 52 ಜನರಲ್ಲಿ ತೂಕ ಆದ ದಿನವನ್ನು ಹೇಳಿದವರು 19. ಉಳಿದ 33 ಜನ ಬರೀ "ಯಾವಾಗ ಬರ್ತದ" ಅಂತ ಕೇಳಿದ್ದರು. ಆ 19ರಲ್ಲಿ ಎಂಟು ಜನಕ್ಕೆ ಇನ್ನೂ ಏಳು ದಿನ ಆಗಿರಲಿಲ್ಲ. ಅವರದ್ದು ತಡ ಅಲ್ಲ, ಆತಂಕ. ಪಕ್ಕದ ಮನೆಯವರಿಗೆ ನಾಲ್ಕೇ ದಿನಕ್ಕೆ ಬಂತು, ನಮಗೆ ಯಾಕಿಲ್ಲ ಅನ್ನೋದು. ಉಳಿದ 11 ಜನಕ್ಕೆ ನಿಜವಾಗಿ ಏಳು ದಿನ ದಾಟಿತ್ತು. ಆ 11ರಲ್ಲಿ ಏಳು ಜನ ಆಳಂದ ಕೇಂದ್ರದಲ್ಲಿ ತೂಕ ಮಾಡಿಸಿದವರು.

ನೋಡಿ, 52 ಅನ್ನೋದು ಈಗ ಮೂರು ಬೇರೆ ಕೆಲಸ ಆಯಿತು. 11 ಖಾತೆಯನ್ನು ಇವತ್ತೇ ತೆಗೆದು ನೋಡಬೇಕು. ಆಳಂದದಿಂದ ತೂಕದ ಪಟ್ಟಿ ಆಫೀಸಿಗೆ ಬರುವುದರಲ್ಲಿ ಏನೋ ಸಿಕ್ಕು ಇರಬಹುದು, ಕೇಳಬೇಕು. ಉಳಿದವರಿಗೆ ತಮ್ಮ ಹಣ ಎಲ್ಲಿದೆ ಅಂತ ತಿಳಿಯುವ ದಾರಿ ಬೇಕು. ಕಾರಣವನ್ನು ನಾನು ಊಹಿಸಿ ಬರೆಯಲಿಲ್ಲ. ಬ್ಯಾಂಕುಗಳು ವಿಲೀನ ಆದ ಮೇಲೆ ಹಳೇ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡ್ ಬದಲಾಗಿರುತ್ತದೆ, ಅದರಿಂದ ಹಣ ವಾಪಸ್ ಬಂದಿರಬಹುದು ಅಂತ ನನಗೂ ಅನಿಸಿತ್ತು. ಆದರೆ ಅದು ಯಾವ ಕಾಮೆಂಟಿನಲ್ಲೂ ಇರಲಿಲ್ಲ. ಆದ್ದರಿಂದ "ಪರಿಶೀಲಿಸಬೇಕಾದ್ದು" ಅಂತ ಬೇರೆ ಹಾಕಿದೆ.

ಟೋಕನ್ ಪ್ರಶ್ನೆ: ಯಾವಾಗ ಬರೆದದ್ದು? ದಿನಾಂಕದ ಕಾಲಂ ಬಿಡಬೇಡಿ ಅಂದೆನಲ್ಲ, ಇದಕ್ಕೇ. ನಾವು ಐದನೇ ದಿನ ಟೋಕನ್ ಪಟ್ಟಿಯನ್ನು ಪೋಸ್ಟ್‌ನಲ್ಲೇ ಹಾಕಿದ್ದೆವು. 47 ಜನರಲ್ಲಿ 38 ಜನ ಕೇಳಿದ್ದು ಅದಕ್ಕಿಂತ ಮುಂಚೆ. ಆಮೇಲೆ ಕೇಳಿದವರು ಒಂಬತ್ತೇ. ಅಂದರೆ ಎರಡನೇ ದೊಡ್ಡ ವಿಷಯ ಅಂತ ಕಂಡದ್ದು ಹೆಚ್ಚುಕಮ್ಮಿ ಮುಗಿದ ವಿಷಯ. ಹೀಗೆ ನೋಡದೆ ಇದ್ದಿದ್ದರೆ ಸೋಮವಾರದ ಅರ್ಧ ಮೀಟಿಂಗ್ ಇದಕ್ಕೇ ಹೋಗುತ್ತಿತ್ತು.

ಸಣ್ಣ ಗುಂಪುಗಳಿಗೆ ಇಷ್ಟು ಬೇಡ. ಚೀಲ, ನೋಂದಣಿಗೆ ಒಂದೊಂದು ಸಾಲು ಸಾಕು.

ದೂರು ಬೇರೆ, ಬೇಡಿಕೆ ಬೇರೆ

"ಮೂರ್ ಸಲ ಬಂದು ಹೋದೀನಿ" ಅನ್ನೋದು ದೂರು. "ಟೋಕನ್ ತಾರೀಕ್ ಎರಡ್ ದಿನ ಮುಂಚೆ ಮೊಬೈಲಿಗಿ ಹಾಕ್ರಿ" ಅನ್ನೋದು ಬೇಡಿಕೆ. ಮ್ಯಾನೇಜರಿಗೆ ಎರಡೂ ಬೇಕು, ಆದರೆ ಬೇರೆ ಬೇರೆಯಾಗಿ. ದೂರಿನಿಂದ ಏನಾಗಿದೆ ಅಂತ ತಿಳಿಯುತ್ತದೆ. ಬೇಡಿಕೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ದೂರು ಓದುತ್ತಲೇ ನಮಗೆ ಪರಿಹಾರ ಹೊಳೆಯುತ್ತದೆ, ಅದನ್ನು ರೈತರ ಬಾಯಲ್ಲಿ ಹಾಕಿಬಿಡುತ್ತೇವೆ. ನಾನು "ರೈತರು ಆನ್‌ಲೈನ್ ವ್ಯವಸ್ಥೆ ಕೇಳುತ್ತಿದ್ದಾರೆ" ಅಂತ ಬರೆದಿದ್ದೆ. ವಾಪಸ್ ಹೋಗಿ ನೋಡಿದರೆ ಒಬ್ಬರೂ ಹಾಗೆ ಕೇಳಿರಲಿಲ್ಲ. ಅವರು ಕೇಳಿದ್ದು, "ರೊಕ್ಕ ಹಾಕಿದವರ ಲಿಸ್ಟ್ ಆಫೀಸ್ ಮುಂದ ಹಚ್ರಿ." ಗೋಡೆಗೆ ಅಂಟಿಸುವ ಒಂದು ಹಾಳಿ! ಆದ್ದರಿಂದ ಬೇಡಿಕೆಯ ಕಾಲಂನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದನ್ನು ಮಾತ್ರ ಹಾಕಿ. ನಿಮ್ಮ ಸಲಹೆ ಇದ್ದರೆ ಕೊನೆಗೆ ನಿಮ್ಮ ಹೆಸರಲ್ಲಿ ಬರೆಯಿರಿ.

ಬೇಡಿಕೆಗಳನ್ನು ಮೂರು ಗುಂಪು ಮಾಡಿದೆ: ಆಫೀಸಿನವರೇ ನಾಳೆ ಮಾಡಬಹುದಾದ್ದು, ಸಾಹೇಬರು ಒಪ್ಪಬೇಕಾದ್ದು, ನಮ್ಮ ಕೈಯಲ್ಲಿ ಇಲ್ಲದ್ದು. ಮೂರನೆಯದನ್ನು ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬೇಡಿ. ಇತರೆಯಲ್ಲಿ ಕೆಲವರು ರೇಟ್ ಹೆಚ್ಚು ಮಾಡಿ ಅಂದಿದ್ದರು. ಆಗಲ್ಲ ಅಂತಾದರೂ ಅವರಿಗೆ ಹೇಳಬೇಕಲ್ಲ.

ಹಾಳಿಯ ಮೇಲೆ ಬಂದದ್ದು

ಕೊನೆಗೆ ಕೊಟ್ಟ ವರದಿಯ ಮುಖ್ಯ ಭಾಗ ಇದು. ಉಳಿದ ಸಣ್ಣ ವಿಷಯಗಳು ಇದರ ಕೆಳಗೆ ಒಂದೊಂದು ಸಾಲು.

> ತೊಗರಿ ಖರೀದಿ ಪೋಸ್ಟ್: 16 ದಿನದ 371 ಕಾಮೆಂಟು ಓದಲಾಗಿದೆ. ವಿಷಯ ಇದ್ದದ್ದು 181, ಬರೆದವರು 143 ಜನ. ಕೆಲವರು ಒಂದಕ್ಕಿಂತ ಹೆಚ್ಚು ವಿಷಯ ಹೇಳಿದ್ದಾರೆ. ಇದು ಎಲ್ಲ ಸದಸ್ಯರ ಅಭಿಪ್ರಾಯ ಅಲ್ಲ.
>
> ಹಣ (52 ಜನ): 11 ಜನ ತೂಕ ಆಗಿ ಏಳು ದಿನ ದಾಟಿದೆ ಎಂದು ದಿನದ ಲೆಕ್ಕ ಹೇಳಿದ್ದಾರೆ. ಇದರಲ್ಲಿ 7 ಆಳಂದ ಕೇಂದ್ರ. 8 ಜನಕ್ಕೆ ಏಳು ದಿನ ಆಗಿಲ್ಲ. 33 ಜನ ದಿನ ಹೇಳಿಲ್ಲ. "ತೂಕ ಮಾಡಿ ಹನ್ನೊಂದ್ ದಿನ ಆಯ್ತು, ಅಕೌಂಟಿಗಿ ಇನ್ನಾ ಬಂದಿಲ್ಲ."
>
> ಮಾಲು ವಾಪಸ್ (21 ಜನ): ತೇವಾಂಶ ಹೆಚ್ಚು ಎಂದು ಕೇಂದ್ರದಿಂದ ವಾಪಸ್. ತೊಂದರೆ ಟ್ರ್ಯಾಕ್ಟರ್ ಬಾಡಿಗೆಯದ್ದು.
>
> ಟೋಕನ್ (47 ಜನ): 38 ಜನ ಪಟ್ಟಿ ಹಾಕುವ ಮುಂಚೆ ಕೇಳಿದ್ದು. ನಂತರ 9.
>
> ಬೇಡಿಕೆ, ಆಫೀಸಿನಲ್ಲೇ ಆಗುವಂಥದ್ದು: ಹಣ ಹಾಕಿದವರ ಪಟ್ಟಿಯನ್ನು ಆಫೀಸ್ ಮುಂದೆ ಅಂಟಿಸುವುದು (34 ಜನ). ಟೋಕನ್ ತಾರೀಖು ಎರಡು ದಿನ ಮುಂಚೆ ಮೆಸೇಜ್ (19 ಜನ).
>
> ಬೇಡಿಕೆ, ತಮ್ಮ ತೀರ್ಮಾನ ಬೇಕಾದ್ದು: ಮಾಲು ತುಂಬುವ ಮುಂಚೆ ಊರಲ್ಲೇ ತೇವಾಂಶ ನೋಡುವುದು (11 ಜನ). ಯಡ್ರಾಮಿ ಕಡೆ ಒಂದು ಕೇಂದ್ರ (14 ಜನ).
>
> ಪರಿಶೀಲಿಸಬೇಕಾದ್ದು (ಇದು ನನ್ನ ಅನಿಸಿಕೆ, ಕಾಮೆಂಟಿನಲ್ಲಿ ಇಲ್ಲ): 11 ಖಾತೆಗಳ ಐಎಫ್‌ಎಸ್‌ಸಿ ಕೋಡ್ ಹಳೆಯದಾ?

ಮಾಲು ವಾಪಸ್ 21 ಇದ್ದರೂ ಟೋಕನ್ 47ಕ್ಕಿಂತ ಮೇಲೆ ಹಾಕಿದ್ದೇನೆ. ಸಂಖ್ಯೆ ನೋಡಿ ಸಾಲು ಹಚ್ಚಬೇಕು ಅಂತ ಏನಿಲ್ಲ. ಟೋಕನ್ ತೊಂದರೆ ಇಳಿಯುತ್ತಿದೆ, ಮಾಲು ವಾಪಸ್ ಹೋಗುವುದು ಇನ್ನೂ ನಡೆದಿದೆ. ಸಾಹೇಬರು ಮೊದಲು ಕಣ್ಣು ಹಾಕಬೇಕಾದದ್ದು ಮೊದಲು ಬರಲಿ.

ರೈತರ ಮಾತನ್ನು ಇದ್ದ ಹಾಗೆ ಒಂದೆರಡು ಕಡೆ ಇಡಿ, ಅದರಲ್ಲೂ ಸಾಮಾನ್ಯವಾದದ್ದನ್ನು. ಅತಿ ಖಾರವಾದದ್ದನ್ನು ಹಾಕಿದರೆ ಮೀಟಿಂಗ್ ಪೂರ್ತಿ "ಯಾರದು ಇದು" ಅನ್ನೋದರಲ್ಲೇ ಮುಗಿಯುತ್ತದೆ. ಹೆಸರು ಹಾಕಬೇಡಿ. ಕೆಲವರು ಪಾಸ್‌ಬುಕ್ ಫೋಟೋವನ್ನೇ ಕಾಮೆಂಟಿನಲ್ಲಿ ಹಾಕಿರುತ್ತಾರೆ, ಅದು ವರದಿಗೆ ಬರಲೇಬಾರದು. ಅವರಿಗೆ ತೆಗೆಯಿರಿ ಅಂತ ಹೇಳಿ.

ಸೋಮವಾರ ಸಾಹೇಬರು ಹಾಳಿ ಓದಿ ಹಣದ ಸಾಲಿನ ಮೇಲೆ ಬೆರಳಿಟ್ಟರು. "ಈ ಹನ್ನೊಂದ್ ಮಂದಿ ಯಾರ್ಯಾರು?" ಈ ಸಲ ಉತ್ತರ ಇತ್ತು. ಹನ್ನೊಂದು ಸಾಲಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಂಡಿದ್ದೆ. ಅಕೌಂಟ್ಸ್‌ನವರು ಶೀಟ್ ತೆರೆದು ಅಲ್ಲೇ ಒಂದೊಂದೇ ಹೆಸರು ನೋಡತೊಡಗಿದರು. ಮೂರನೇ ಹೆಸರಿಗೇ ಐಎಫ್‌ಎಸ್‌ಸಿ ಹಳೆಯದು ಅಂತ ಬಂತು. ಆಳಂದದ ಏಳು ಬೇರೆಯೇ ಕಥೆ. ಆ ದಿನದ ತೂಕದ ಪಟ್ಟಿ ಕೇಂದ್ರದಿಂದ ಹೊರಟೇ ಇರಲಿಲ್ಲ, ಡ್ರಾಯರಿನಲ್ಲಿ ಕೂತಿತ್ತು.